ಓಡಿ ಬಂದಾಗ ಹಸಿವಿಲ್ಲ, ಹನ್ನೊಂದಕ್ಕೆ ತಡೆಯೋಕಾಗಲ್ಲ: ಏನು ಮಾಡಬೇಕು?

ಬೆಳಿಗ್ಗೆ ಆರಕ್ಕೆ ಹೊರಟು ಜೋರಾಗಿ 8 ಕಿಲೋಮೀಟರ್ ಓಡಿ ಬಂದಿದ್ದೀರಿ. ಬೆವರು ಇನ್ನೂ ಆರಿಲ್ಲ. ತಟ್ಟೆ ಮುಂದಿದ್ದರೂ ತಿನ್ನಲು ಮನಸ್ಸಿಲ್ಲ, ವಾಸನೆಯೇ ಬೇಡ ಅನಿಸುತ್ತದೆ. ಸರಿ, ಹಸಿವಿಲ್ಲವಲ್ಲ ಎಂದು ಬಿಟ್ಟುಬಿಡುತ್ತೀರಿ. ಹನ್ನೊಂದರ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವಂಥ ಹಸಿವು. ನಾನೂ ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ. ಓಡಿ ಬಂದಾಗ ಹೊಟ್ಟೆ ಸುಮ್ಮನಿರುವುದು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ದೇಹಕ್ಕೆ ಎಷ್ಟು ಬೇಕು ಎಂಬುದನ್ನಲ್ಲ ಅಂತ ತಿಳಿದ ಮೇಲೆ ಅಭ್ಯಾಸ ಬದಲಾಯಿತು.

ಮೊದಲು: ವ್ಯಾಯಾಮ ಎಷ್ಟು ಜೋರಾಗಿತ್ತು ನೋಡಿ

ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಪ್ರಯತ್ನಿಸಿ. ಎರಡು ಮೂರು ಪದಕ್ಕೇ ಉಸಿರು ಬೇಕಾದರೆ ಅದು ಜೋರು ವ್ಯಾಯಾಮ. ಹಸಿವು ಅಡಗುವುದು ಹೆಚ್ಚಾಗಿ ಇಂಥದ್ದರಲ್ಲೇ. ಆರಾಮದ ನಡಿಗೆಯಲ್ಲಿ ಅಷ್ಟಾಗಿ ಆಗುವುದಿಲ್ಲ. ತಣ್ಣೀರಿನಲ್ಲಿ ಈಜಿದರೆ ಎಷ್ಟೋ ಜನರಿಗೆ ಬೇಗನೆ ಹಸಿವಾಗುತ್ತದೆ.

ಜೋರಾಗಿ ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳಿಗೆ ಮತ್ತು ಬಿಸಿ ಇಳಿಸಲು ಚರ್ಮಕ್ಕೆ ಬೇಕು. ಜಠರ, ಕರುಳಿಗೆ ಹೋಗುವ ರಕ್ತ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. 'ಊಟ ಬೇಕು' ಎಂದು ಮಿದುಳಿಗೆ ಹೇಳುವ ಗ್ರೆಲಿನ್ ಎಂಬ ಹಾರ್ಮೋನು ತಯಾರಾಗುವುದು ಹೆಚ್ಚಾಗಿ ಜಠರದ ಗೋಡೆಯಲ್ಲೇ. ಆ ಹೊತ್ತಿಗೆ ರಕ್ತದಲ್ಲಿ ಅದು ಇಳಿಯುತ್ತದೆ. ಕರುಳಿನಿಂದ ಬರುವ, 'ಸಾಕು' ಅನ್ನುವ ಹಾರ್ಮೋನುಗಳು ಏರುತ್ತವೆ. ದುಡಿಯುವ ಸ್ನಾಯು ಬಿಡುವ ಲ್ಯಾಕ್ಟೇಟ್ ಕೂಡ ಕೈ ಜೋಡಿಸುತ್ತದೆ. ಅದರಿಂದ ದೇಹದಲ್ಲಿ ತಯಾರಾಗುವ ಲ್ಯಾಕ್-ಫೀ ಎಂಬ ವಸ್ತುವನ್ನು ಕೊಟ್ಟಾಗ ದಪ್ಪ ಇಲಿಗಳು ಕಡಿಮೆ ತಿಂದವು ಎಂದು 2022ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಆಮೇಲೆ: ಗಡಿಯಾರ ನೋಡಿ

ಈ ಬದಲಾವಣೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಸಿವು ಮರಳಲು ಶುರುವಾಗುತ್ತದೆ. ಕೆಲವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕು.

ಅಷ್ಟರಲ್ಲಿ ಲೆಕ್ಕ ಬೆಳೆದಿರುತ್ತದೆ. 60 ಕಿಲೋ ತೂಕದವರು 8 ಕಿಲೋಮೀಟರ್ ಓಡಿದರೆ ಸುಮಾರು 480 ಕ್ಯಾಲೊರಿ ಖರ್ಚು. ಯಕೃತ್ತಿನಲ್ಲಿರುವ ಸಕ್ಕರೆಯ ಸಂಗ್ರಹ, ಅಂದರೆ ಗ್ಲೈಕೋಜನ್, ತುಂಬಿದ್ದಾಗಲೂ 100 ಗ್ರಾಂ ಆಸುಪಾಸು. ರಾತ್ರಿಯ ಉಪವಾಸದಲ್ಲಿ ಅದು ಸಾಕಷ್ಟು ಖಾಲಿಯಾಗಿರುತ್ತದೆ, ಓಟ ಇನ್ನಷ್ಟು ಕರಗಿಸುತ್ತದೆ. ಸ್ನಾಯುಗಳೂ ತಮ್ಮ ಪಾಲನ್ನು ತುಂಬಿಕೊಳ್ಳಲು ಸಕ್ಕರೆಗಾಗಿ ಕಾಯುತ್ತಿರುತ್ತವೆ. ಇದರ ಮೇಲೆ ಬೆಳಗಿನ ತಿಂಡಿಯೂ ಇಲ್ಲ. ಹನ್ನೊಂದರ ಹಸಿವು ಓಟದ್ದೊಂದೇ ಅಲ್ಲ, ಬಿಟ್ಟ ತಿಂಡಿಯದ್ದೂ ಹೌದು. ನನ್ನ ಪ್ರಕಾರ ದೊಡ್ಡ ಪಾಲು ಎರಡನೆಯದೇ.

ಈಗ ತಿನ್ನುವ ಕ್ರಮ

ಬಂದ ತಕ್ಷಣ ನೀರು ಕುಡಿಯಿರಿ, ಒಂದೇ ಸಲ ಗಟಗಟ ಅಲ್ಲ, ಸ್ವಲ್ಪ ಸ್ವಲ್ಪ. ಮೈ ತಣ್ಣಗಾಗಲಿ. ಹಸಿವಿಗಾಗಿ ಕಾಯಬೇಡಿ. ಒಂದು ಗಂಟೆಯೊಳಗೆ, ಹೆಚ್ಚೆಂದರೆ ಒಂದೂವರೆ ಗಂಟೆಯೊಳಗೆ ತಿನ್ನಿ.

ಎಷ್ಟು? ಇದೇ 60 ಕಿಲೋ ತೂಕದವರಿಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್, 20 ಗ್ರಾಂ ಪ್ರೋಟೀನ್ ಇರಲಿ. ಎರಡೂ ಸೇರಿ 320 ಕ್ಯಾಲೊರಿ. ಖರ್ಚಾದದ್ದಕ್ಕಿಂತ ಕಡಿಮೆಯೇ ಅಲ್ವಾ? ತೂಕ ಇಳಿಸಬೇಕು ಅನ್ನುವವರೂ ಇದಕ್ಕೆ ಹೆದರಬೇಕಿಲ್ಲ. ಅಗಿಯಲು ಆಗದಿದ್ದರೆ ಅರ್ಧವನ್ನು ಕುಡಿಯುವ ರೂಪದಲ್ಲಿ ತೆಗೆದುಕೊಳ್ಳಿ, ಉಳಿದರ್ಧವನ್ನು ನಲವತ್ತು ನಿಮಿಷ ಬಿಟ್ಟು ತಿನ್ನಿ. ನನಗೆ ಹೊಂದಿದ್ದು ಈ ಎರಡು ಕಂತಿನ ದಾರಿ.

ಸರಿಯಾಯಿತೋ ಇಲ್ಲವೋ ಎಂದು ಹನ್ನೊಂದಕ್ಕೆ ಗೊತ್ತಾಗುತ್ತದೆ. ಆಗ ಸಾಧಾರಣ ಹಸಿವಾದರೆ ಅಳತೆ ಸರಿ. ಮತ್ತೂ ತಡೆಯಲಾಗದಿದ್ದರೆ ಮರುದಿನ ಸ್ವಲ್ಪ ಹೆಚ್ಚಿಸಿ, ಹಿಂದಿನ ರಾತ್ರಿಯ ಊಟ ತೀರಾ ಕಡಿಮೆಯಾಗಿತ್ತೇ ಅಂತಲೂ ನೋಡಿ.

ಎಲ್ಲಿ ಎಚ್ಚರ ಬೇಕು

ಹಸಿವಿನ ಜೊತೆ ಕೈ ನಡುಕ, ತಣ್ಣನೆ ಬೆವರು, ಮಂಕು ಬಂದರೆ ಅದು ಬರೀ ಹಸಿವಲ್ಲ, ರಕ್ತದ ಸಕ್ಕರೆ ಇಳಿದಿರಬಹುದು. ತಕ್ಷಣ ಸಿಹಿ ಏನಾದರೂ ತೆಗೆದುಕೊಳ್ಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮ ಮುಗಿದು ಎಷ್ಟೋ ಗಂಟೆಗಳ ಮೇಲೂ, ರಾತ್ರಿ ನಿದ್ದೆಯಲ್ಲೂ ಹೀಗಾಗಬಹುದು. ಅವರು ಜೋರು ವ್ಯಾಯಾಮ ಶುರುಮಾಡುವ ಮೊದಲೇ ಡಾಕ್ಟರ ಬಳಿ ಡೋಸ್ ಬಗ್ಗೆ ಮಾತಾಡಬೇಕು. ಇನ್ನು ವಾರಗಟ್ಟಲೆ ಹಸಿವೇ ಮರಳದೆ, ತೂಕ ಇಳಿಯುತ್ತಾ, ಓಟದ ವೇಗವೂ ಕುಸಿಯುತ್ತಿದ್ದರೆ, ಅಥವಾ ಮುಟ್ಟು ತಪ್ಪುತ್ತಿದ್ದರೆ, ಓಟ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಿ.