ಒಂದೇ ಆರ್ಡರ್‌ಗೆ ಎರಡು ಸಲ ದುಡ್ಡು ಕಡಿತ: ಚಾರ್ಜ್‌ಬ್ಯಾಕ್ ಹಾಕಿದ್ದು ಹೀಗೆ

ಕಾರ್ಡಿನಲ್ಲಿ ಒಂದೇ ಮೊತ್ತ ಎರಡು ಸಲ ಕಂಡರೆ ನಾನು ಮೊದಲು ನೋಡುವುದು ಆ ಸಾಲುಗಳು ಪೆಂಡಿಂಗ್ ಇವೆಯೋ, ಪೋಸ್ಟ್ ಆಗಿವೆಯೋ ಎಂದು. ಪೆಂಡಿಂಗ್ ಅಂದರೆ ಬ್ಯಾಂಕು ಆ ಮೊತ್ತವನ್ನು ಎತ್ತಿಟ್ಟಿದೆ, ಅಷ್ಟೇ. ದುಡ್ಡು ಇನ್ನೂ ವ್ಯಾಪಾರಿಗೆ ಹೋಗಿಲ್ಲ. ವ್ಯಾಪಾರಿಯ ಕಡೆಯಿಂದ ಬಿಲ್ ಬರದಿದ್ದರೆ ಅದು ಕೆಲವು ದಿನಗಳಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ. ಡೆಬಿಟ್ ಕಾರ್ಡ್ ಆದರೆ ಅಷ್ಟು ದಿನ ಬ್ಯಾಲೆನ್ಸ್ ಕಡಿಮೆ ತೋರಿಸುವುದರಿಂದ ಗಾಬರಿಯಾಗುತ್ತದೆ, ನಿಜ. ಆದರೆ ಈ ಹಂತದಲ್ಲಿ ಚಾರ್ಜ್‌ಬ್ಯಾಕ್, ಅಂದರೆ ವ್ಯಾಪಾರಿಗೆ ಹೋದ ದುಡ್ಡನ್ನು ನಮ್ಮ ಬ್ಯಾಂಕಿನ ಮೂಲಕ ವಾಪಸ್ ಎಳೆಸುವ ದೂರು, ಹಾಕಲು ಬರುವುದಿಲ್ಲ, ಏಕೆಂದರೆ ವಾಪಸ್ ಎಳೆಯಲು ಅಲ್ಲಿ ಇನ್ನೂ ಏನೂ ಇಲ್ಲ.

ನನ್ನ ಪ್ರಕರಣದಲ್ಲಿ ಎರಡೂ ಪೋಸ್ಟ್ ಆದವು, ಅಂದರೆ ವ್ಯಾಪಾರಿಯ ಕಡೆಯಿಂದ ಬಿಲ್ ಬಂದು ಕಡಿತ ಖಾಯಂ ಆಯಿತು. ಆನ್‌ಲೈನ್‌ನಲ್ಲಿ ಪ್ರಿಂಟರ್ ಆರ್ಡರ್, ಮೊತ್ತ 8,940. ರಾತ್ರಿ 9:14ಕ್ಕೆ ಒಟಿಪಿ ಹಾಕಿದ ಮೇಲೆ ಪುಟ ಸುತ್ತುತ್ತಲೇ ಇತ್ತು. 9:17ಕ್ಕೆ ಮತ್ತೆ ಪ್ರಯತ್ನಿಸಿದಾಗ ಆರ್ಡರ್ ನಂಬರ್ ಬಂತು. ಅಂದರೆ ಮೊದಲ ಸಲ ಬ್ಯಾಂಕು ಹೂಂ ಎಂದಿತ್ತು, ಅಂಗಡಿಯ ಪರವಾಗಿ ಕಾರ್ಡಿನ ದುಡ್ಡು ಪಡೆಯುವ ಪೇಮೆಂಟ್ ಗೇಟ್‌ವೇ ದುಡ್ಡು ತೆಗೆದುಕೊಂಡಿತ್ತು, ಆದರೆ ಆ ಸುದ್ದಿ ಅಂಗಡಿಯ ಸಾಫ್ಟ್‌ವೇರ್‌ಗೆ ತಲುಪಿರಲಿಲ್ಲ. ಅಂಗಡಿಯವರು ತಮ್ಮ ಪರದೆ ನೋಡಿ "ನಮಗೆ ಒಂದೇ ಪೇಮೆಂಟ್ ಬಂದಿದೆ" ಎಂದು ಉತ್ತರ ಬರೆದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಆರ್ಡರ್ ಪಟ್ಟಿಯಲ್ಲಿ ನಿಜಕ್ಕೂ ಒಂದೇ ಇತ್ತು.

ಇಂಥ ಕಡೆ ಸ್ಟೇಟ್‌ಮೆಂಟಿನ ಸ್ಕ್ರೀನ್‌ಶಾಟ್ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಒಂದೇ ಮೊತ್ತದ ಎರಡು ಸಾಲು ಎಂದರೆ ಎರಡು ಪ್ರಿಂಟರ್ ಕೊಂಡಿದ್ದೀರಿ ಎಂದೂ ಓದಬಹುದು. ಬೇಕಾದದ್ದು ಎರಡು ನಂಬರ್‌ಗಳು. ಒಂದು ಎಆರ್‌ಎನ್, ವ್ಯಾಪಾರಿಯ ಬ್ಯಾಂಕು ಪ್ರತಿ ಬಿಲ್‌ಗೂ ಕೊಡುವ 23 ಅಂಕಿಗಳ ಗುರುತು. ಇನ್ನೊಂದು ಆರು ಅಕ್ಷರಗಳ ಅಥರೈಸೇಶನ್ ಕೋಡ್, ನಮ್ಮ ಬ್ಯಾಂಕು ಒಪ್ಪಿಗೆ ಕೊಟ್ಟಾಗ ಹುಟ್ಟುವುದು. ಆ್ಯಪ್‌ನಲ್ಲಿ ಇವು ಕಾಣದಿದ್ದರೆ ಗ್ರಾಹಕ ಸೇವೆಯವರನ್ನು ಕೇಳಬೇಕು, ಕೊಡುತ್ತಾರೆ.

ಎರಡು ಸಾಲಿಗೂ ಅಥರೈಸೇಶನ್ ಕೋಡ್ ಒಂದೇ ಆಗಿದ್ದು ಎಆರ್‌ಎನ್ ಬೇರೆ ಬೇರೆ ಇದ್ದರೆ ಕೆಲಸ ಹಗುರ. ಒಂದು ಒಪ್ಪಿಗೆಗೆ ಎರಡು ಬಿಲ್ ಕಳಿಸಿದ್ದಾರೆ ಎಂದರ್ಥ. ದಿನದ ಲೆಕ್ಕವನ್ನು ಎರಡು ಸಲ ಅಪ್‌ಲೋಡ್ ಮಾಡಿದಾಗ ಹೀಗಾಗುತ್ತದೆ, ಇದಕ್ಕೆ ಹೆಚ್ಚು ವಾದ ಬೇಕಾಗುವುದಿಲ್ಲ. ನನ್ನದರಲ್ಲಿ ಕೋಡ್‌ಗಳೂ ಬೇರೆ ಬೇರೆಯಾಗಿದ್ದವು. ಎರಡು ಬ್ಯಾಂಕುಗಳ ನಡುವೆ ವ್ಯವಹಾರ ಸಾಗಿಸುವ ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ಕಣ್ಣಿಗೆ ಅವು ಎರಡು ಸರಿಯಾದ ವ್ಯವಹಾರಗಳು. ಹಾಗಾಗಿ ಈ ಎರಡರ ಹಿಂದೆ ಇರುವ ಸಾಮಾನು ಒಂದೇ ಎಂದು ತೋರಿಸುವ ಹೊಣೆ ನನ್ನ ಮೇಲೆ ಬಿತ್ತು.

ಅಂಗಡಿಯ ಇನ್‌ವಾಯ್ಸ್ ತೆರೆದು ನೋಡಿದೆ. ಅದರ ಕೆಳಗಡೆ ಸಣ್ಣ ಅಕ್ಷರದಲ್ಲಿ ಪೇಮೆಂಟ್ ಐಡಿ ಇತ್ತು, ಅದು 9:17ರದ್ದು. ಗೇಟ್‌ವೇ ಕಳಿಸಿದ ಎರಡು ಇಮೇಲ್‌ಗಳಲ್ಲೂ ಐಡಿಗಳಿದ್ದವು. 9:14ರ ಐಡಿ ಯಾವ ಇನ್‌ವಾಯ್ಸ್‌ನಲ್ಲೂ ಇರಲಿಲ್ಲ. ಆದ್ದರಿಂದ ಡಿಸ್ಪ್ಯೂಟ್, ಅಂದರೆ ಬ್ಯಾಂಕಿಗೆ ಕೊಡುವ ತಕರಾರು, ಹಾಕಬೇಕಾದದ್ದು 9:14ರ ಮೇಲೆ. ಇಲ್ಲಿ ಎಡವುವವರು ಬಹಳ. ಎರಡನೆಯದೇ ಹೆಚ್ಚುವರಿ ಎಂದುಕೊಂಡು ಅದನ್ನು ಆರಿಸಿದರೆ, ವ್ಯಾಪಾರಿ ಆ ಪೇಮೆಂಟಿಗೆ ಸೇರಿದ ಆರ್ಡರ್, ವಿಳಾಸ, ಡೆಲಿವರಿ ಸಹಿ ಎಲ್ಲ ತೋರಿಸಿ ಗೆದ್ದುಬಿಡುತ್ತಾನೆ. ಎರಡರ ಮೇಲೂ ಹಾಕುವುದಂತೂ ಬೇಡವೇ ಬೇಡ. ಸಾಮಾನು ಇಟ್ಟುಕೊಂಡು ಪೂರ್ತಿ ದುಡ್ಡು ಕೇಳಿದಂತಾಗುತ್ತದೆ.

ಫಾರ್ಮ್‌ನಲ್ಲಿ ಕಾರಣ ಆರಿಸುವ ಜಾಗದಲ್ಲಿ "ಈ ವ್ಯವಹಾರ ನಾನು ಮಾಡಿದ್ದಲ್ಲ" ಎಂಬ ಆಯ್ಕೆ ಸಾಮಾನ್ಯವಾಗಿ ಎದುರಿಗೇ ಇರುತ್ತದೆ. ಅದನ್ನು ಒತ್ತಿದರೆ ವಂಚನೆಯ ದೂರಾಗುತ್ತದೆ. ಕಾರ್ಡ್ ಬ್ಲಾಕ್ ಆಗಿ ಹೊಸದು ಬರುತ್ತದೆ, ಮೇಲಾಗಿ ಒಟಿಪಿ ಹಾಕಿದ ದಾಖಲೆ ತೋರಿಸಿದರೆ ಆ ದೂರು ನಿಲ್ಲುವುದಿಲ್ಲ. ಒಟಿಪಿ ಹಾಕಿದ್ದು ನಾವೇ ತಾನೇ? ಆರಿಸಬೇಕಾದದ್ದು "ಒಂದೇ ಖರೀದಿಗೆ ಎರಡು ಸಲ ಕಡಿತ". ವೀಸಾ ಜಾಲದಲ್ಲಿ ಈ ಕಾರಣದ ನಂಬರ್ 12.6.1, ಮಾಸ್ಟರ್‌ಕಾರ್ಡ್‌ನಲ್ಲಿ 4834ರ ಅಡಿ ಬರುತ್ತದೆ. ಬ್ಯಾಂಕಿನವರಿಗೆ ಈ ನಂಬರ್ ಹೇಳಿದರೆ ಮಾತು ಬೇಗ ಮುಗಿಯುತ್ತದೆ.

ಗಡುವು ವೀಸಾದಲ್ಲಿ 120 ದಿನ, ಮಾಸ್ಟರ್‌ಕಾರ್ಡ್‌ನಲ್ಲಿ 90. ಇದು ಬ್ಯಾಂಕು ಜಾಲಕ್ಕೆ ಕಳಿಸಬೇಕಾದ ಗಡುವು. ಗ್ರಾಹಕನಿಗೆ ಬ್ಯಾಂಕು ಇಡುವ ಗಡುವು ಇದಕ್ಕಿಂತ ಕಡಿಮೆ ಇರಬಹುದು. ವ್ಯಾಪಾರಿಗೆ ಮೊದಲು ಬರೆದಿರಬೇಕು, ಅದನ್ನು ಬ್ಯಾಂಕು ಕೇಳಿಯೇ ಕೇಳುತ್ತದೆ. ಆದರೆ "ನೋಡುತ್ತಿದ್ದೇವೆ" ಎಂಬ ಉತ್ತರಗಳ ಹಿಂದೆ ತಿಂಗಳುಗಟ್ಟಲೆ ಹೋಗಬಾರದು. ನಾನು ಒಂದು ವಾರ ಕಾದು ಹಾಕಿದೆ. ಜೊತೆಗೆ ಇಟ್ಟದ್ದು ಇನ್‌ವಾಯ್ಸ್, ಎರಡು ಗೇಟ್‌ವೇ ಇಮೇಲ್, ವ್ಯಾಪಾರಿಯ ಉತ್ತರ, ಮತ್ತು ಈ ನಾಲ್ಕು ಸಾಲು:

"ನಾನು ಒಂದೇ ಪ್ರಿಂಟರ್ ಕೊಂಡಿದ್ದೇನೆ. 9:17ರ ಪೇಮೆಂಟ್ ಆ ಆರ್ಡರ್‌ನದ್ದು, ಅದರ ಬಗ್ಗೆ ತಕರಾರಿಲ್ಲ. 9:14ರ ಪೇಮೆಂಟಿಗೆ ಯಾವ ಆರ್ಡರೂ ಇಲ್ಲ. ತಮಗೆ ಒಂದೇ ಪೇಮೆಂಟ್ ಬಂದಿದೆ ಎಂದು ವ್ಯಾಪಾರಿಯೇ ಬರೆದುಕೊಟ್ಟಿದ್ದಾರೆ."

ನಾಲ್ಕು ದಿನಕ್ಕೆ ಖಾತೆಗೆ ತಾತ್ಕಾಲಿಕ ಕ್ರೆಡಿಟ್ ಬಂತು. ಇದನ್ನು ಗೆಲುವು ಎಂದುಕೊಂಡು ಖರ್ಚು ಮಾಡಬಾರದು. ಪ್ರಕರಣ ತಿರುಗಿಬಿದ್ದರೆ ಬ್ಯಾಂಕು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಒಳಗೆ ನಡೆಯುವುದು ಇಷ್ಟು: ನಮ್ಮ ಬ್ಯಾಂಕು ಜಾಲದ ಮೂಲಕ ವ್ಯಾಪಾರಿಯ ಬ್ಯಾಂಕಿನಿಂದ ಮೊತ್ತವನ್ನು ಎಳೆಯುತ್ತದೆ, ಆ ಬ್ಯಾಂಕು ವ್ಯಾಪಾರಿಯ ಖಾತೆಯಿಂದ ಕಡಿದು "ಉತ್ತರ ಇದ್ದರೆ ಕೊಡಿ" ಎನ್ನುತ್ತದೆ. ವ್ಯಾಪಾರಿ ಸುಮ್ಮನಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ನಮ್ಮ ವ್ಯಾಪಾರಿ ಸುಮ್ಮನಿರಲಿಲ್ಲ. ಇಪ್ಪತ್ತಾರನೆಯ ದಿನ ಡೆಲಿವರಿ ರಸೀದಿ ಮತ್ತು ಒಟಿಪಿ ದಾಖಲೆ ಬಂದವು. ನೋಡಲು ಗಟ್ಟಿ ಕಾಗದಗಳೇ. ಬ್ಯಾಂಕು ಅವನ್ನು ನನಗೆ ಕಳಿಸಿ ಹತ್ತು ದಿನದೊಳಗೆ ಉತ್ತರಿಸಿ ಎಂದಿತು. ಎಷ್ಟೋ ಜನ ಈ ಪತ್ರವನ್ನೇ ತೀರ್ಪು ಎಂದು ತಿಳಿದು ಕೈಬಿಡುತ್ತಾರೆ. ರಸೀದಿಯಲ್ಲಿದ್ದ ಆರ್ಡರ್ ನಂಬರ್ ಹುಡುಕಿದೆ: 9:17ರದ್ದೇ. ಅಂದರೆ ನಾನು ತಕರಾರು ಮಾಡದ ಪೇಮೆಂಟಿಗೆ ಅವರು ಸಾಕ್ಷಿ ಕೊಟ್ಟಿದ್ದರು. "9:14ರ ಪೇಮೆಂಟಿಗೆ ಬೇರೆ ಇನ್‌ವಾಯ್ಸ್, ಬೇರೆ ಡೆಲಿವರಿ ಇದ್ದರೆ ತೋರಿಸಲಿ" ಎಂದಷ್ಟೇ ಬರೆದೆ. ಬ್ಯಾಂಕು ಅದನ್ನು ಪ್ರೀ-ಆರ್ಬಿಟ್ರೇಷನ್‌ಗೆ ಒಯ್ದಿತು, ಅಂದರೆ ಜಾಲದ ತೀರ್ಪಿಗೆ ಹೋಗುವ ಮೊದಲು ಎದುರು ಪಕ್ಷಕ್ಕೆ ಒಪ್ಪಿಕೊಳ್ಳಲು ಕೊಡುವ ಕೊನೆಯ ಅವಕಾಶ. ಅದರ ಮುಂದಿನ ಮೆಟ್ಟಿಲಲ್ಲಿ ಜಾಲವೇ ತೀರ್ಪು ಕೊಡುತ್ತದೆ, ಸೋತವರು ಶುಲ್ಕ ಕಟ್ಟಬೇಕು. 8,940ಕ್ಕಾಗಿ ವ್ಯಾಪಾರಿ ಅಲ್ಲಿವರೆಗೆ ಹೋಗಲಿಲ್ಲ, ಒಪ್ಪಿಕೊಂಡ.

ನಡುವೆ ಇನ್ನೊಂದು ಆಗಬಹುದು. ಡಿಸ್ಪ್ಯೂಟ್ ನಡೆಯುತ್ತಿರುವಾಗಲೇ ವ್ಯಾಪಾರಿಗೆ ತಪ್ಪು ಗೊತ್ತಾಗಿ ತಾನೇ ರೀಫಂಡ್ ಹಾಕುತ್ತಾನೆ. ಆಗ ಖಾತೆಗೆ ಎರಡು ಸಲ ದುಡ್ಡು ಬಂದಿರುತ್ತದೆ. ಅದೇ ದಿನ ಬ್ಯಾಂಕಿಗೆ ಹೇಳಿ ಡಿಸ್ಪ್ಯೂಟ್ ಹಿಂತೆಗೆಯಬೇಕು. ಹೇಳದಿದ್ದರೆ ವ್ಯಾಪಾರಿ ರೀಫಂಡಿನ ಎಆರ್‌ಎನ್ ಕಳಿಸುತ್ತಾನೆ, ತಾತ್ಕಾಲಿಕ ಕ್ರೆಡಿಟ್ ಮಾಯವಾಗುತ್ತದೆ. ನನ್ನಲ್ಲಿ ಹಾಗೇನೂ ಆಗಲಿಲ್ಲ. ಡಿಸ್ಪ್ಯೂಟ್ ಹಾಕಿದ ಅರವತ್ತೆಂಟನೆಯ ದಿನ ತಾತ್ಕಾಲಿಕ ಎಂಬ ಪದ ಸ್ಟೇಟ್‌ಮೆಂಟಿನಿಂದ ಹೋಯಿತು.