ಉದ್ದದ ಮೇಲ್ ಚಿಕ್ಕದು ಮಾಡಿ, ಕೇಳುವುದನ್ನು ಮೊದಲ ಸಾಲಿಗೆ ತನ್ನಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ ನಡೆಸುವವರೊಬ್ಬರು ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಗೆ ಕಳಿಸಬೇಕಿದ್ದ ಮೇಲ್ ಇದು. ಒಟ್ಟು ಐದು ಪ್ಯಾರಾ ಇತ್ತು. ಶುರು ಹೀಗಿತ್ತು:

"ಸರ್ ನಮಸ್ಕಾರ, ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ. ಹೋದ ತಿಂಗಳು ನೀವು ಬಂದಾಗ ಮಾತಾಡಿದ ಆರ್ಡರ್ ಬಗ್ಗೆ ಬರೀತಾ ಇದ್ದೀನಿ. ಕಟಿಂಗ್ ಬೇಗನೇ ಮುಗಿಸಿದ್ವಿ, ಆದರೆ ಜಿಪ್ ಬರೋದು ತಡ ಆಯ್ತು, ಬಂದ ಮೇಲೆ ನೋಡಿದ್ರೆ ಬಣ್ಣ ಬೇರೆ, ವಾಪಸ್ ಕಳಿಸಿದ್ವಿ. ಅಷ್ಟರಲ್ಲಿ ಹೊಲಿಯೋರಲ್ಲಿ ಇಬ್ಬರು ಜಾತ್ರೆಗೆ ಅಂತ ಊರಿಗೆ ಹೋದ್ರು..."

ಇದಾದ ಮೇಲೆ ವಾಷಿಂಗ್ ಘಟಕದಲ್ಲಿ ಮೋಟಾರ್ ಸುಟ್ಟ ಕಥೆ, ಕರೆಂಟ್ ಕಥೆ. ಕೊನೆಯ ಪ್ಯಾರಾದಲ್ಲಿ ಮಾತ್ರ ಅಸಲಿ ಮಾತು ಬಂತು: "ಹಾಗಾಗಿ ಎಲ್ಲಾ ಒಂದೇ ಸಲ ಕಳಿಸೋದು ಸ್ವಲ್ಪ ಕಷ್ಟ ಆಗಬಹುದು, ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ. ಅಡ್ವಾನ್ಸ್ ಬಾಕಿದೂ ಒಮ್ಮೆ ನೋಡಿ."

ಹೀಗೆ ಬರೆದದ್ದು ತಪ್ಪೇನಲ್ಲ. ಎದುರಿಗೆ ಕೂತು ಮಾತಾಡುವಾಗ ನಾವು ಮೊದಲು ಕ್ಷೇಮ ವಿಚಾರಿಸುತ್ತೇವೆ, ಆಮೇಲೆ ಕಷ್ಟ ಹೇಳುತ್ತೇವೆ, ಕೊನೆಗೆ ಕೇಳುತ್ತೇವೆ. ಆದರೆ ವ್ಯಾಪಾರಿ ಇದನ್ನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಫೋನಿನಲ್ಲಿ ನೋಡುತ್ತಾರೆ, ಅಲ್ವಾ? ಮೇಲ್ ತೆರೆಯುವ ಮುಂಚೆ ಅವರಿಗೆ ಕಾಣುವುದು ಕಳಿಸಿದವರ ಹೆಸರು, ವಿಷಯದ ಸಾಲು, ಒಳಗಿನ ಮೊದಲ ಕೆಲವು ಪದ, ಅಷ್ಟೇ. ಇಲ್ಲಿ ಕಾಣುತ್ತಿದ್ದದ್ದು "ಆರ್ಡರ್ ಬಗ್ಗೆ" ಮತ್ತು "ಚೆನ್ನಾಗಿದ್ದೀರಿ ಅಂದ್ಕೊಂಡಿದ್ದೀನಿ". ರಾತ್ರಿ ನೋಡಿದರಾಯ್ತು ಅಂತ ಯಾರಾದರೂ ಬಿಡುತ್ತಾರೆ.

ಚಿಕ್ಕದು ಮಾಡಲು ಕೂತಾಗ ಮೊದಲ ಸಾಲಿನಿಂದ ಒಂದೊಂದೇ ಪದ ಅಳಿಸುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಐದು ಪ್ಯಾರಾ ಮೂರಾಗುತ್ತದೆ, ಕೇಳುವ ಮಾತು ಮಾತ್ರ ಕೊನೆಯಲ್ಲೇ ಉಳಿಯುತ್ತದೆ. ಡ್ರಾಫ್ಟನ್ನು ಹಾಗೇ ಬಿಟ್ಟು, ನೇರವಾಗಿ ಕೊನೆಯ ಪ್ಯಾರಾಕ್ಕೆ ಹೋಗಿ. "ಹಾಗಾಗಿ", "ದಯವಿಟ್ಟು", "ಸಾಧ್ಯವಾದರೆ", "ಒಮ್ಮೆ ನೋಡಿ" ಎನ್ನುವ ಮಾತುಗಳನ್ನು ಹುಡುಕಿ. ನಿಮಗೆ ಬೇಕಾದದ್ದು ಸಾಮಾನ್ಯವಾಗಿ ಅವುಗಳ ಪಕ್ಕದಲ್ಲೇ ಇರುತ್ತದೆ.

ಸಿಕ್ಕಿತು ಅಂದುಕೊಳ್ಳೋಣ: "ಅಡ್ಜಸ್ಟ್ ಮಾಡ್ಕೊಳ್ಳಿ". ಈಗ ಇದಕ್ಕೊಂದು ಪರೀಕ್ಷೆ. ಓದಿದವರು "ಆಯ್ತು" ಅಂತ ಒಂದೇ ಪದದಲ್ಲಿ ಉತ್ತರ ಕೊಟ್ಟರೆ ನಾಳೆ ನೀವು ಏನು ಮಾಡಬೇಕು ಅಂತ ನಿಮಗೆ ಗೊತ್ತಾಗುತ್ತದಾ? ಇಲ್ಲಿ ಗೊತ್ತಾಗಲ್ಲ. ಎಷ್ಟು ಪೀಸ್ ತಡ, ಎಷ್ಟು ದಿನ ತಡ, ಯಾವುದೂ ಇಲ್ಲ. ಘಟಕದವರನ್ನೇ ಕೇಳಿದೆ. ಆರ್ಡರ್ 1,000 ಪೀಸ್, ಕೊಡಬೇಕಾದ್ದು 14ನೇ ತಾರೀಕು. 600 ಆ ದಿನಕ್ಕೆ ರೆಡಿ ಇರುತ್ತದೆ, ಉಳಿದ 400ಕ್ಕೆ ವಾಷಿಂಗ್ ಆಗಬೇಕು, 20ಕ್ಕೆ ಕೊಡಬಹುದು. ಅಲ್ಲಿಗೆ ಕೇಳುವ ಮಾತು ತಾನೇ ಹೊರಗೆ ಬಂತು: 600 ಪೀಸ್ 14ಕ್ಕೆ, 400 ಪೀಸ್ 20ಕ್ಕೆ ಕಳಿಸಬಹುದೇ? ಇದಕ್ಕೆ "ಆಯ್ತು" ಅಂದರೂ ಸಾಕು, "ಆಗಲ್ಲ" ಅಂದರೂ ಮುಂದಿನ ದಾರಿ ನೋಡಬಹುದು.

ಡ್ರಾಫ್ಟಿನಲ್ಲಿ ಇನ್ನೊಂದು ಬೇಡಿಕೆಯೂ ಅಡಗಿತ್ತು, ಅಡ್ವಾನ್ಸ್ ಬಾಕಿಯದ್ದು. ಅದನ್ನು ಈ ಮೇಲ್‌ನಿಂದ ತೆಗೆದೇಬಿಡಿ ಅಂದೆ. ತಡ ಆಗುತ್ತದೆ ಅಂತ ಹೇಳುವ ಮೇಲ್‌ನಲ್ಲೇ ದುಡ್ಡು ಕೇಳಿದರೆ ಎರಡೂ ಕೆಡುತ್ತವೆ. ಜೊತೆಗೆ ದುಡ್ಡಿನ ವಿಚಾರ ನೋಡುವವರು ಅಲ್ಲಿ ಬೇರೆ, ಅವರ ಲೆಕ್ಕದವರು. ನಿರ್ಧಾರ ಮಾಡುವವರು ಬೇರೆಯಾದರೆ ಮೇಲ್ ಕೂಡ ಬೇರೆ ಇರಲಿ.

ಈಗ ಉಳಿದ ಪ್ಯಾರಾಗಳು. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದು ಗೊತ್ತಿಲ್ಲದಿದ್ದರೆ ವ್ಯಾಪಾರಿಯ ಉತ್ತರ ಬದಲಾಗುತ್ತದಾ? ಜಿಪ್ ಬಣ್ಣ, ಜಾತ್ರೆ, ಕರೆಂಟ್ ಇವೆಲ್ಲ ನಿಜವೇ, ಘಟಕದವರು ಪಟ್ಟ ಪಾಡೂ ನಿಜ. ಆದರೆ ಉತ್ತರ ಬದಲಾಗಲ್ಲ. ಕಾರಣ ಒಂದು ಸಾಲು ಸಾಕು, ಅದೂ ಈಗ ತಡ ಮಾಡುತ್ತಿರುವ ಕಾರಣ, ಅಂದರೆ ವಾಷಿಂಗ್. ಜಿಪ್‌ನ ತೊಂದರೆ ಮುಗಿದ ಕಥೆ.

ಇದೇ ಪ್ರಶ್ನೆ ಕೇಳಿದಾಗ ಡ್ರಾಫ್ಟಿನಲ್ಲಿ ಇಲ್ಲದ್ದು ಏನು ಅನ್ನುವುದೂ ಕಾಣುತ್ತದೆ. ತಡವಾಗುವ 400 ಪೀಸ್ ಯಾವ ಸೈಜು? ಅಂಗಡಿಯವರಿಗೆ ಅದೇ ಮುಖ್ಯ. ಜಾಸ್ತಿ ಓಡುವ ಸೈಜು ಮೊದಲು ಬರುತ್ತದೆ ಅಂದರೆ ಅವರು ಸುಲಭವಾಗಿ ಒಪ್ಪಬಹುದು. ಎರಡನೇ ಸಲದ ಲಾರಿ ಬಾಡಿಗೆ ಯಾರದ್ದು? ಇದನ್ನು ಬರೆಯದಿದ್ದರೆ ಮರುದಿನ ಫೋನ್ ಬರುತ್ತದೆ. ಐದು ಪ್ಯಾರಾ ಬರೆದೂ ಇವೆರಡು ಬಿಟ್ಟುಹೋಗಿದ್ದವು.

ಇನ್ನು ಉತ್ತರ ಯಾವಾಗ ಬೇಕು ಅನ್ನುವುದು. "ಬೇಗ ತಿಳಿಸಿ" ಅಂದರೆ ಯಾರಿಗೂ ಬೇಗ ಅನ್ನಿಸಲ್ಲ. ದಿನ ಹೇಳಿ, ಆ ದಿನವೇ ಯಾಕೆ ಅಂತಲೂ ಹೇಳಿ. ಕಾರಣ ಇದ್ದರೆ ಗಡುವು ಕೊಟ್ಟರೂ ಒರಟಾಗಿ ಕೇಳಿಸಲ್ಲ.

ಕೊನೆಗೆ ಕಳಿಸಿದ್ದು ಇದು:

"ವಿಷಯ: ಜೀನ್ಸ್ ಆರ್ಡರ್ – 400 ಪೀಸ್ 20ಕ್ಕೆ ಕಳಿಸಬಹುದೇ? ಗುರುವಾರದೊಳಗೆ ತಿಳಿಸಿ

ಸರ್ ನಮಸ್ಕಾರ,

1,000 ಪೀಸ್ ಆರ್ಡರ್‌ನಲ್ಲಿ 600 ಪೀಸ್ ಮಾತಾಡಿದಂತೆ 14ಕ್ಕೆ, ಉಳಿದ 400 ಪೀಸ್ 20ಕ್ಕೆ ಕಳಿಸಬಹುದೇ? ಶುಕ್ರವಾರ ಲಾರಿ ಬುಕ್ ಮಾಡಬೇಕು, ಅದಕ್ಕೆ ಗುರುವಾರ (9ನೇ ತಾರೀಕು) ಸಂಜೆಯೊಳಗೆ ತಿಳಿಸಿದರೆ ಉಪಕಾರ.

ವಾಷಿಂಗ್ ಘಟಕ ನಾಲ್ಕು ದಿನ ನಿಂತಿದ್ದರಿಂದ ತಡವಾಗಿದೆ, ಕ್ಷಮಿಸಿ. ಈಗ ಕೆಲಸ ಶುರುವಾಗಿದೆ. 28ರಿಂದ 34 ಸೈಜು ಮೊದಲೇ ಬರುತ್ತವೆ, 36 ಮತ್ತು 38 ಮಾತ್ರ ತಡ. ಎರಡನೇ ಸಲದ ಬಾಡಿಗೆ ನಮ್ಮದು."

ಕೆಳಗೆ ಹೆಸರು, ಫೋನ್ ನಂಬರ್. ವಿಷಯದ ಸಾಲನ್ನು ಕೊನೆಗೆ ಬರೆಯಿರಿ, ಕೇಳುವ ಮಾತು ಗಟ್ಟಿಯಾದ ಮೇಲೆ ಅದು ಸುಲಭ. ಶಾಲೆಯಲ್ಲಿ ರಜೆ ಅರ್ಜಿ ಬರೆಯುವಾಗಲೇ ನಮಗೆಲ್ಲ ವಿಷಯದ ಸಾಲು ಕಲಿಸಿದ್ದಾರೆ, ಆದರೆ ನಾವು ಅಲ್ಲಿ "ಬಗ್ಗೆ" ಅಂತ ಬರೆದು ಮುಗಿಸುತ್ತೇವೆ. ಯಾವುದರ ಬಗ್ಗೆ ಅನ್ನುವುದರ ಜೊತೆಗೆ ಏನು ಮಾಡಬೇಕು ಅನ್ನುವುದೂ ಅಲ್ಲೇ ಇರಲಿ.

ಕಳಿಸುವ ಮುಂಚೆ ನೋಡಬೇಕಾದ ಎರಡು ತೊಂದರೆ ಇವೆ. ಕೆಳಗಿನ ಮಾತು ಮೇಲೆ ತಂದಾಗ "ಹಾಗಾಗಿ", "ಮೇಲೆ ಹೇಳಿದಂತೆ", "ಅವರು", "ಅದು" ಇವೆಲ್ಲ ದಿಕ್ಕು ತಪ್ಪುತ್ತವೆ. "ಅವರು ಸೋಮವಾರ ಶುರು ಮಾಡಿದ್ರು" ಅಂತ ಉಳಿದುಬಿಟ್ಟರೆ, ಅವರು ಯಾರು ಅಂತ ಹೇಳುತ್ತಿದ್ದ ವಾಕ್ಯ ಆಗಲೇ ಅಳಿಸಿಹೋಗಿರುತ್ತದೆ. ಇನ್ನೊಂದು, ಕತ್ತರಿಸುವ ಭರದಲ್ಲಿ ಕೇಳುವ ಮಾತು ಹೇಳುವ ಮಾತಾಗಿಬಿಡುವುದು. "400 ಪೀಸ್ 20ಕ್ಕೆ ಕಳಿಸುತ್ತೇವೆ" ಅಂತ ಬರೆದರೆ ಒಂದೆರಡು ಅಕ್ಷರ ಉಳಿಯಬಹುದು, ಆದರೆ ಒಪ್ಪಿಗೆ ಕೇಳಲೇ ಇಲ್ಲ ಅಂತ ಎದುರಿನವರಿಗೆ ಬೇಜಾರಾಗುತ್ತದೆ. "ನಮಸ್ಕಾರ", "ಕ್ಷಮಿಸಿ", "ಕಳಿಸಬಹುದೇ" ಇವನ್ನು ಮುಟ್ಟಬೇಡಿ.

ಮನೆಯಲ್ಲಿ ಯಾರಿಗಾದರೂ ಮೊದಲ ಎರಡು ವಾಕ್ಯ ಮಾತ್ರ ತೋರಿಸಿ, "ಇವರು ಏನು ಕೇಳ್ತಿದ್ದಾರೆ, ಯಾವಾಗ ಉತ್ತರ ಬೇಕು" ಅಂತ ಕೇಳಿ. ತಡವರಿಸದೆ ಹೇಳಿದರೆ ಕಳಿಸಿ.

ಹಳೆಯ ಡ್ರಾಫ್ಟನ್ನು ಅಳಿಸಬೇಡಿ, ಬೇರೆ ಕಡೆ ಇಟ್ಟುಕೊಳ್ಳಿ. ವಾಷಿಂಗ್ ಘಟಕ ಯಾವ ದಿನ ನಿಂತಿತು, ಜಿಪ್ ಯಾವಾಗ ವಾಪಸ್ ಹೋಯಿತು ಅನ್ನುವ ವಿವರ ಮುಂದೆ ತಕರಾರು ಬಂದರೆ ಬೇಕಾಗುತ್ತದೆ. ಆಗ ಅದನ್ನು ತಾರೀಕು ಪ್ರಕಾರ ಜೋಡಿಸಿ ಬೇರೆ ಫೈಲ್ ಮಾಡಿ ಲಗತ್ತಿಸಿ. ಮೇಲ್ ಮಾತ್ರ ಆಗಲೂ ಇಷ್ಟೇ ಉದ್ದ ಇರಲಿ.