ಕೈಮಾ ಉಂಡೆ ಮಾಡುವ ಮುನ್ನ ಕೈಮಾ ಕೆಡುವುದೇಕೆ ತಿಳಿಯಿರಿ

ಭಾನುವಾರ ಬೆಳಿಗ್ಗೆ ಕೋಲಾರದ ಮಟನ್ ಅಂಗಡಿಯಿಂದ ಒಂದು ಕೆ.ಜಿ. ತುಂಡು ಬಾಡು, ಅರ್ಧ ಕೆ.ಜಿ. ಕೈಮಾ ತಂದಿದ್ದೀರಿ ಎನ್ನೋಣ. ಎರಡೂ ಒಂದೇ ಕುರಿಯದ್ದು, ಒಂದೇ ಹೊತ್ತಿಗೆ ಕೊಯ್ದದ್ದು. ಹೊರಗೇ ಇಟ್ಟರೆ ಮೊದಲು ವಾಸನೆ ತಿರುಗುವುದು ಕೈಮಾ.

ಆರೋಗ್ಯವಂತ ಕುರಿಯ ಮಾಂಸಖಂಡದ ಒಳಗೆ ಬ್ಯಾಕ್ಟೀರಿಯಾ ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಚರ್ಮ ಸುಲಿಯುವಾಗ, ಕರುಳು ತೆಗೆಯುವಾಗ, ಕತ್ತಿ, ಕೈ, ಕೊರಡಿನಿಂದ ಅವು ಬಂದು ಕೂರುವುದು ಮೇಲ್ಮೈ ಮೇಲೆ. ಕೊಚ್ಚಿದಾಗ ಆ ಮೇಲ್ಮೈಯೇ ಒಳಕ್ಕೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಉದ್ದ, ಅಗಲ, ಎತ್ತರ ಮೂರೂ ಹತ್ತು ಸೆಂಟಿಮೀಟರ್ ಇರುವ ತುಂಡು ಸುಮಾರು ಒಂದು ಕೆ.ಜಿ. ತೂಗುತ್ತದೆ, ಅದರ ಹೊರಮೈ 600 ಚದರ ಸೆಂಟಿಮೀಟರ್. ಅದನ್ನೇ ಅರ್ಧ ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸಿದರೆ ಹೊರಮೈ 12,000 ಆಗುತ್ತದೆ, ಇಪ್ಪತ್ತು ಪಟ್ಟು. ಜೊತೆಗೆ ಜೀವಕೋಶಗಳು ಒಡೆದು ರಸ ಹೊರಬರುತ್ತದೆ, ಗಾಳಿ ಬೆರೆಯುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ. ಅವು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೂ ಮೂರು ಗಂಟೆಯಲ್ಲಿ 64 ಪಟ್ಟು. ಬೆಚ್ಚಗಿನ ಹೊತ್ತಿನಲ್ಲಿ ಇನ್ನೂ ಬೇಗ.

ಹಾಗಾಗಿ ಮೊದಲ ಹೆಜ್ಜೆ ಅಂಗಡಿಯಲ್ಲೇ. ಮೊದಲೇ ಕೊಚ್ಚಿಟ್ಟ ರಾಶಿಯಿಂದ ತೂಗಿಸಿಕೊಳ್ಳಬೇಡಿ. ಮೂಳೆ ಇಲ್ಲದ ತೊಡೆ ಭಾಗ ಆರಿಸಿ, ಕಣ್ಣೆದುರೇ ಕೊಚ್ಚಿಸಿ. ಕೈಮಾ ಮೆಷಿನ್ನಿಗೆ ಹಾಕುವುದಾದರೆ ಅದರೊಳಗೆ ಹಿಂದಿನ ಗಿರಾಕಿಯ ಚೂರು ಉಳಿದಿದೆಯೇ ನೋಡಿ, ಉಳಿದಿದ್ದರೆ ತೊಳೆಯಲು ಹೇಳಿ. ಎಲ್ಲಕ್ಕಿಂತ ಒಳ್ಳೆಯದು ತುಂಡನ್ನೇ ತಂದು, ಅಡುಗೆಗೆ ಮುನ್ನ ಮನೆಯ ಮಿಕ್ಸಿಯಲ್ಲಿ ತರಿಯಾಗಿ ತಿರುವಿಕೊಳ್ಳುವುದು. ವೇಮಗಲ್ ಕಡೆಗೋ ನರಸಾಪುರಕ್ಕೋ ಬಸ್ಸಿನಲ್ಲಿ ಹೋಗುವವರಿಗೆ ನಾನು ಇದನ್ನೇ ಒತ್ತಿ ಹೇಳುತ್ತೇನೆ. ಕೈಮಾನೇ ಒಯ್ಯುವುದಾದರೆ ಬೇರೆ ಕೆಲಸವೆಲ್ಲ ಮುಗಿಸಿ ಕೊನೆಗೆ ಮಟನ್ ಅಂಗಡಿಗೆ ಹೋಗಿ. ಫ್ರಿಜ್ಜಿನ ಹೊರಗೆ ಎರಡು ಗಂಟೆ ಮೀರಬಾರದು, 32 ಡಿಗ್ರಿ ದಾಟಿದ ಬಿಸಿಲಿನ ದಿನ ಒಂದೇ ಗಂಟೆ.

ಮನೆಗೆ ಬಂದ ಮೇಲೆ ಹೆಚ್ಚಿನವರು ಕವರನ್ನು ಹಾಗೇ ಫ್ರಿಜ್ಜಿಗೆ ತಳ್ಳುತ್ತಾರೆ. ನಮ್ಮ ಕಡೆ ಬಾಡು ತಣ್ಣಗಾಗುವ ಮುನ್ನವೇ ಮಾರಾಟವಾಗುತ್ತದೆ. ಬೆಚ್ಚಗಿನ ಮುದ್ದೆಯ ನಡುಭಾಗ ತಣ್ಣಗಾಗಲು ಗಂಟೆಗಳೇ ಬೇಕು. ಕೈಮಾವನ್ನು ಅಗಲವಾದ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಮುಚ್ಚಿ, ಕೆಳಗಿನ ತಟ್ಟೆಯಲ್ಲಿಡಿ. ಫ್ರಿಜ್ 4 ಡಿಗ್ರಿಯಲ್ಲಿದ್ದರೆ ಕೈಮಾ ಒಂದೆರಡು ದಿನ ತಡೆಯುತ್ತದೆ, ದೊಡ್ಡ ತುಂಡುಗಳಾದರೆ ಮೂರರಿಂದ ಐದು ದಿನ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರಲ್ಲಿ ಈ ಲೆಕ್ಕ ನಂಬಬೇಡಿ, ಅವತ್ತೇ ಬೇಯಿಸಿ. ನಲ್ಲಿ ಕೆಳಗೆ ಕೈಮಾ ತೊಳೆಯುವುದೂ ಬೇಡ. ಒಳಗೆ ಬೆರೆತದ್ದು ನೀರಿಗೆ ಹೋಗುವುದಿಲ್ಲ, ಸಿಂಕಿಗೆ ಮಾತ್ರ ಸಿಡಿಯುತ್ತದೆ.

ಇನ್ನು ಬೇಯಿಸುವುದು. ದೊಡ್ಡ ತುಂಡಿನ ಹೊರಮೈ ಕಾದರೆ ಬಹುಪಾಲು ಬ್ಯಾಕ್ಟೀರಿಯಾ ಸತ್ತಂತೆ. ಉಂಡೆಯಲ್ಲಿ ಹಾಗಲ್ಲ, ನಡುಮಧ್ಯವೂ 71 ಡಿಗ್ರಿ ಮುಟ್ಟಬೇಕು. ಅಮೆರಿಕದಲ್ಲಿ 1993ರಲ್ಲಿ ಸರಿಯಾಗಿ ಬೇಯದ ಕೊಚ್ಚಿದ ದನದ ಮಾಂಸದ ಬರ್ಗರ್ ತಿಂದು ನೂರಾರು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ಸತ್ತರು. ಕೊಚ್ಚಿದ ಮಾಂಸದೊಳಗೆ ಉಳಿದ ಇ. ಕೋಲಿಯೇ ಅದಕ್ಕೆ ಕಾರಣ.

ಅರ್ಧ ಕೆ.ಜಿ. ಕೈಮಾಕ್ಕೆ ಹುರಿಗಡಲೆ ಪುಡಿ, ಮಸಾಲೆ ಸೇರಿಸಿ ನಿಂಬೆಹಣ್ಣಿಗಿಂತ ದೊಡ್ಡದಾಗದಂತೆ, ಎಲ್ಲವೂ ಒಂದೇ ಗಾತ್ರಕ್ಕೆ ಉಂಡೆ ಕಟ್ಟಿ. ಸಾರು ಕುದಿಯುವಾಗ ಒಂದೊಂದೇ ಬಿಡಿ. ತಣ್ಣನೆಯ ಉಂಡೆ ಬಿದ್ದೊಡನೆ ಸಾರಿನ ಕುದಿ ನಿಲ್ಲುತ್ತದೆ. ಮತ್ತೆ ಕುದಿ ಬಂದ ಮೇಲೆ ಹೊತ್ತು ಎಣಿಸಿ, ಅಲ್ಲಿಂದ ಇಪ್ಪತ್ತು ನಿಮಿಷ. ಆಮೇಲೆ ಎಲ್ಲಕ್ಕಿಂತ ದೊಡ್ಡ ಉಂಡೆ ತೆಗೆದು ಮುರಿಯಿರಿ. ನಡುವೆ ಮೆತ್ತಗೆ, ಅಂಟಂಟಾಗಿದ್ದರೆ ಇನ್ನೂ ಕುದಿಸಿ. ಬಣ್ಣವೊಂದನ್ನೇ ನಂಬಬೇಡಿ, ಕೊಚ್ಚಿದ ಮಾಂಸ 71 ಡಿಗ್ರಿಗೆ ಮೊದಲೇ ಕಂದಾಗಬಹುದು. ಅಡುಗೆ ಥರ್ಮಾಮೀಟರ್ ಇದ್ದರೆ ಮೊನೆಯನ್ನು ನಡುವಿಗೇ ಚುಚ್ಚಿ. ಎಣ್ಣೆಯಲ್ಲಿ ಕರಿಯುವ ಕೈಮಾ ವಡೆಗೆ ಇದು ಇನ್ನೂ ಮುಖ್ಯ. ಹೊರಗೆ ಕೆಂಪಗೆ ಗರಿಗರಿಯಾದರೂ ದಪ್ಪ ವಡೆಯ ಒಳಗೆ ಹಸಿ ಉಳಿದಿರುತ್ತದೆ.

ಲೋಳೆಯಾದ, ಹುಳಿ ವಾಸನೆ ಬಂದ ಕೈಮಾವನ್ನು ಮಸಾಲೆ ಜಾಸ್ತಿ ಹಾಕಿ ಕುದಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಕೈಯಿಂದ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕುದಿಯಲ್ಲಿ ಸಾಯುತ್ತದೆ, ಅದು ಬಿಟ್ಟುಹೋದ ವಿಷ ಕುದಿಸಿದರೂ ಉಳಿಯುತ್ತದೆ. ಹೊರಗೆ ಹೆಚ್ಚು ಹೊತ್ತು ಇದ್ದ ಕೈಮಾ ವಾಸನೆ ಬಾರದಿದ್ದರೂ ಎಸೆಯಬೇಕು, ಏಕೆಂದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಎಷ್ಟೋ ಸಲ ವಾಸನೆಯನ್ನೇ ತರುವುದಿಲ್ಲ.